ಕೆಲಸಕ್ಕೆ ಸೇರುವ ತಾರೀಖು

ನನ್ನ ಕೈಯಲ್ಲಿ ಒಂದು ವಿದ್ಯೆ ಇತ್ತು. ಟೈಪ್ ಮಾಡಿದ ಕಾಗದದಲ್ಲಿ ತಪ್ಪು ಬಿದ್ದರೆ ಅದನ್ನು ಯಾರಿಗೂ ಗೊತ್ತಾಗದ ಹಾಗೆ ತೆಗೆಯುತ್ತಿದ್ದೆ. ಹಳೆಯ ಬ್ಲೇಡಿನ ಮೂಲೆಯಿಂದ ಮಸಿಯನ್ನು ಮೆಲ್ಲಗೆ ಕೆರೆದು, ಗಟ್ಟಿ ರಬ್ಬರಿನಿಂದ ಎರಡು ಸಲ ತಿಕ್ಕಿ, ಮೇಲೆದ್ದ ನಾರನ್ನು ಉಗುರಿನ ಬೆನ್ನಿನಿಂದ ಒತ್ತಿ ನುಣುಪು ಮಾಡಿ, ಅದೇ ಜಾಗದಲ್ಲಿ ಸರಿಯಾದ ಅಕ್ಷರ ಕೂರಿಸುತ್ತಿದ್ದೆ. ಮೂರು ಅಕ್ಷರದ ಜಾಗದಲ್ಲಿ ನಾಲ್ಕು ಬೇಕಾದರೆ ಟೈಪ್‌ರೈಟರಿನ ಕ್ಯಾರೇಜನ್ನು ಕೈಯಲ್ಲಿ ಅರ್ಧ ಹೆಜ್ಜೆ ಹಿಂದಕ್ಕೆ ಹಿಡಿದು ಅದನ್ನೂ ಸಾಧಿಸುತ್ತಿದ್ದೆ. ಆಫೀಸಿನಲ್ಲಿ ಬೇರೆ ಟೈಪಿಸ್ಟುಗಳು ತಮ್ಮ ತಪ್ಪುಗಳನ್ನು ಹೊತ್ತುಕೊಂಡು ನನ್ನ ಮೇಜಿಗೆ ಬರುತ್ತಿದ್ದರು. ನನಗೆ ಅದರ ಜಂಬ ಸಾಕಷ್ಟಿತ್ತು. ಈಗ ಬರೆಯಲು ಕೂತರೆ, ಆ ಜಂಬದಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ಗೋರೆಗಾಂವ್‌ನಲ್ಲಿ ಒಂದು ಔಷಧದ ಕಾರ್ಖಾನೆಯ ಪರ್ಸೊನೆಲ್ ವಿಭಾಗದಲ್ಲಿ ನಾನು ಟೈಪಿಸ್ಟು. ಮನೆ ಆಂಟಾಪ್ ಹಿಲ್‌ನಲ್ಲಿ, ಅಪ್ಪನಿಗೆ ಕೊಟ್ಟಿದ್ದ ಸರ್ಕಾರಿ ಕ್ವಾರ್ಟರ್ಸು. ಧಾರವಾಡದ ಕಡೆಯಿಂದ ಬಂದು ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ್ದ ಅಪ್ಪ ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ನಿವೃತ್ತಿಯಾದ ಕೆಲವು ತಿಂಗಳಿಗೆ ಕ್ವಾರ್ಟರ್ಸು ಬಿಡಬೇಕು. ತಮ್ಮ ಇನ್ನೂ ಶಾಲೆಯಲ್ಲಿದ್ದ. ಮುಂದೆ ಎಲ್ಲಿ ಇರುವುದು ಅನ್ನುವ ಮಾತು ನಮ್ಮ ಮನೆಯಲ್ಲಿ ದಿನಾ ಬರುತ್ತಿತ್ತು, ಬಂದಾಗಲೆಲ್ಲ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನೋಡುವುದಕ್ಕೇನೂ ಖರ್ಚಿಲ್ಲವಲ್ಲ.

ನನ್ನ ಕೆಲಸವೇ ಇನ್ನೂ ಗಟ್ಟಿಯಾಗಿರಲಿಲ್ಲ. ನನಗೆ ಕೊಟ್ಟ ಪತ್ರದಲ್ಲಿ ಆರು ತಿಂಗಳ ಪ್ರೊಬೇಷನ್ ಎಂದಿತ್ತು, ಬೇಕೆಂದರೆ ಇನ್ನೂ ಮೂರು ತಿಂಗಳು ಮುಂದುವರಿಸುವ ಹಕ್ಕು ಕಂಪನಿಗೆ. ಲೋಕಲ್ ಗಾಡಿ ತಪ್ಪಿ ತಡವಾಗಿ ಬಂದದ್ದು ಲೆಕ್ಕಕ್ಕೆ ಬಂದು, ಆರು ತಿಂಗಳಾದ ಮೇಲೆ ಆ ಮೂರು ತಿಂಗಳನ್ನೂ ಮುಂದುವರಿಸಿದ್ದರು. ಜುಲೈ ಕೊನೆಗೆ ಅದು ಮುಗಿಯಬೇಕಿತ್ತು. ಖಾಯಂ ಮಾಡಿದ್ದೇವೆ ಎಂದು ಬರಹದಲ್ಲಿ ಕೊಡುವವರೆಗೆ ಖಾಯಂ ಆದ ಹಾಗಲ್ಲ ಎಂಬ ವಾಕ್ಯ ನನ್ನ ಪತ್ರದಲ್ಲೂ ಇತ್ತು. ಆ ವಾಕ್ಯವನ್ನು ಬೇರೆಯವರಿಗಾಗಿ ವಾರಕ್ಕೆ ಹತ್ತು ಸಲ ನಾನೇ ಟೈಪ್ ಮಾಡುತ್ತಿದ್ದೆ.

ಹೊಸಬರಿಗೆ ಕೊಡುವ ಪತ್ರ ಒಂದೂವರೆ ಪುಟದ್ದು. ಮೊದಲು ಹುದ್ದೆ ಯಾವುದು, ಎಲ್ಲಿ ಎಂದು. ಆಮೇಲೆ ಸಂಬಳದ ವಿವರ, ಒಂದರ ಕೆಳಗೊಂದು: ಮೂಲ ವೇತನ, ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ, ಓಡಾಟದ ಖರ್ಚು, ಕೆಳಗೆ ಗೆರೆ ಎಳೆದು ಒಟ್ಟು. ಪ್ರಾವಿಡೆಂಟ್ ಫಂಡು, ಬೋನಸ್ಸು ನಿಯಮದ ಪ್ರಕಾರ. ಆಮೇಲೆ ಇಂಥ ತಾರೀಖಿಗೆ ಸೇರಬೇಕು, ಸೇರದಿದ್ದರೆ ಬೇರೆ ಸೂಚನೆಯಿಲ್ಲದೆ ಈ ಪತ್ರ ತಾನಾಗಿಯೇ ರದ್ದು. ಆಮೇಲೆ ಪ್ರೊಬೇಷನ್, ಆ ಅವಧಿಯಲ್ಲಿ ಎರಡೂ ಕಡೆಯಿಂದ ಏಳು ದಿನದ ನೋಟೀಸು. ಕೊನೆಗೆ ಷರತ್ತುಗಳು: ಕಂಪನಿಯ ಡಾಕ್ಟರು ದೇಹ ಸರಿಯಿದೆ ಎನ್ನಬೇಕು, ಮೂಲ ಸರ್ಟಿಫಿಕೇಟುಗಳನ್ನು ಸೇರುವ ದಿನ ತೋರಿಸಬೇಕು, ಇಬ್ಬರು ಪರಿಚಯಸ್ಥರು ಒಳ್ಳೆಯ ಮಾತು ಬರೆದು ಕೊಡಬೇಕು, ಕೊಟ್ಟ ಮಾಹಿತಿಯಲ್ಲಿ ಸುಳ್ಳು ಕಂಡರೆ ಯಾವಾಗ ಬೇಕಾದರೂ ತೆಗೆದುಹಾಕಬಹುದು. ಒಪ್ಪಿಗೆಯಾದರೆ ಜೊತೆಗಿರುವ ನಕಲಿಗೆ ಸಹಿ ಹಾಕಿ ಏಳು ದಿನದೊಳಗೆ ಕಳಿಸಬೇಕು. ಮೇಲಿನ ಹಾಳೆಯ ಕೆಳಗೆ ಮೂರು ಕಾರ್ಬನ್: ಒಂದು ನಕಲು ಸಹಿ ಹಾಕಿ ಕಳಿಸಲಿಕ್ಕೆ, ಒಂದು ನಮ್ಮ ಫೈಲಿಗೆ, ಒಂದು ಅಕೌಂಟ್ಸಿಗೆ. ಪುಟದ ಅಡಿಯಲ್ಲಿ ಎಡಗಡೆ ಪತ್ರ ಹೇಳಿ ಬರೆಸಿದವರ ಹೆಸರಿನ ಅಕ್ಷರ, ಅಡ್ಡಗೆರೆ, ಟೈಪ್ ಮಾಡಿದವಳ ಅಕ್ಷರ. ನನ್ನ ಗುರುತು ಅಲ್ಲಿ ಇರುತ್ತಿತ್ತು, ಆದರೆ ಅದನ್ನು ಓದುವವರು ಯಾರೂ ಇರಲಿಲ್ಲ.

ಆ ಮೇ ತಿಂಗಳಲ್ಲಿ ಲ್ಯಾಬೊರೇಟರಿಗೆ ಒಬ್ಬ ಜೂನಿಯರ್ ಕೆಮಿಸ್ಟನ್ನು ತೆಗೆದುಕೊಳ್ಳಲು ಇಂಟರ್‌ವ್ಯೂ ನಡೆಯಿತು. ಬಂದವರೆಲ್ಲ ನನ್ನ ಮೇಜಿನ ಹತ್ತಿರ ಕೂತು ಫಾರಂ ತುಂಬುತ್ತಿದ್ದರು. ಅವರಲ್ಲಿ ಒಬ್ಬ ಮಾತೃಭಾಷೆ ಎಂಬಲ್ಲಿ ಕನ್ನಡ ಎಂದು ಬರೆದದ್ದು ಕಣ್ಣಿಗೆ ಬಿತ್ತು. ಯಾವ ಕಡೆಯವರು ಎಂದು ಕೇಳಿದೆ. ಅವನ ಮುಖ ಅರಳಿತು. ಬಾಗಲಕೋಟೆ ಕಡೆ ಊರು, ಹುಟ್ಟಿದ್ದು ಬೆಳೆದದ್ದು ಧಾರಾವಿ. ತಂದೆ ತೊಗಲಿನ ಕಾರ್ಖಾನೆಯಲ್ಲಿ ಹದ ಮಾಡುವ ಕೆಲಸ. ಬಿ.ಎಸ್ಸಿ. ಪರೀಕ್ಷೆ ಬರೆದಿದ್ದ, ಫಲಿತಾಂಶ ಬರಬೇಕಿತ್ತು. ಅಷ್ಟು ಹೊತ್ತಿಗೇ ನನ್ನನ್ನು ಅಕ್ಕಾರ ಎಂದು ಕರೆಯತೊಡಗಿದ್ದ. ಫಾರಂ ವಾಪಸು ಕೊಡುವಾಗ, ವಿಳಾಸ ಧಾರಾವಿ ಅಂತ ಬರೆದರೆ ತೊಂದರೆ ಆಗುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಇದ್ದದ್ದು ಇದ್ದ ಹಾಗೆ ಬರಿ, ಇಲ್ಲಿ ಯಾರೂ ಅದನ್ನೆಲ್ಲ ನೋಡುವುದಿಲ್ಲ ಎಂದು ದೊಡ್ಡವಳ ಹಾಗೆ ಹೇಳಿದೆ.

ಅವನೇ ಮೊದಲನೆಯವನಾಗಿ ಆಯ್ಕೆಯಾದ. ಜೂನ್ ಮಧ್ಯಕ್ಕೆ ಫಲಿತಾಂಶ ಬಂದು, ಪಾಸಾದ ಸುದ್ದಿ ತಿಳಿಸಿದ ಮೇಲೆ ಅವನ ಪತ್ರ ನನ್ನ ಮೇಜಿಗೆ ಬಂತು. ಮೂಲ ವೇತನ ಇನ್ನೂರ ಇಪ್ಪತ್ತೈದು, ತುಟ್ಟಿಭತ್ಯೆ ನೂರ ಹದಿನೆಂಟು, ಮನೆಬಾಡಿಗೆ ಮೂವತ್ತೈದು, ಓಡಾಟಕ್ಕೆ ಹದಿನೈದು, ಒಟ್ಟು ಮುನ್ನೂರ ತೊಂಬತ್ತಮೂರು. ಸೇರಬೇಕಾದ ತಾರೀಖು ಜುಲೈ ಒಂದು. ನನಗಿಂತ ಜಾಸ್ತಿ ಸಂಬಳ ಎಂದು ಸ್ವಲ್ಪ ಹೊಟ್ಟೆ ಉರಿದದ್ದೂ ನಿಜ, ನಮ್ಮವನೊಬ್ಬ ಬಂದ ಎಂದು ಸಂತೋಷವಾದದ್ದೂ ನಿಜ. ನಾಲ್ಕು ಪ್ರತಿ ಚೊಕ್ಕವಾಗಿ ಬಂದವು.

ಸಂಜೆ ಐದರ ಮೇಲೆ ಪತ್ರವನ್ನು ಪರ್ಸೊನೆಲ್ ಆಫೀಸರ ಮುಂದೆ ಸಹಿಗೆ ಇಟ್ಟೆ. ನಾವು ಅವರನ್ನು ಸಾಹೇಬರು ಎಂದೇ ಅನ್ನುತ್ತಿದ್ದೆವು. ಕೊಂಕಣದ ಕಡೆಯವರು, ಒಳ್ಳೆಯ ಮನುಷ್ಯ. ಪೆನ್ನು ತೆಗೆದವರು ತಡೆದು, ಈ ಹುಡುಗ ತನ್ನ ಪಾಸಾದ ಸರ್ಟಿಫಿಕೇಟು ಯೂನಿವರ್ಸಿಟಿಯಿಂದ ಬರುವುದಕ್ಕೆ ಜುಲೈ ಎರಡನೆಯ ವಾರವಾಗುತ್ತದೆ ಎಂದು ಇಂಟರ್‌ವ್ಯೂನಲ್ಲೇ ಹೇಳಿದ್ದ, ಒಂದನೆಯ ತಾರೀಖಿಗೆ ಬಂದರೂ ಸೇರಿಸಿಕೊಳ್ಳಲಿಕ್ಕೆ ಬರುವುದಿಲ್ಲ, ಹದಿನಾರು ಮಾಡು ಎಂದರು. ಪತ್ರ ಹೊಸದಾಗಿ ಟೈಪ್ ಮಾಡಬೇಕಿತ್ತು. ಟಪಾಲಿನವರು ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು, ನನ್ನ ಲೋಕಲ್ ಐದು ನಲವತ್ತಕ್ಕೆ. ಇಂಗ್ಲಿಷಿನಲ್ಲಿ ಒಂದನೆಯ ತಾರೀಖಿಗೆ ಮೂರು ಅಕ್ಷರ ಸಾಕು, ಹದಿನಾರಕ್ಕೆ ನಾಲ್ಕು. ನನ್ನ ಕೈ ನನಗೆ ಗೊತ್ತಿರಲಿಲ್ಲವೇ. ಬ್ಲೇಡು ತೆಗೆದೆ.

ಎರಡು ನಿಮಿಷದ ಕೆಲಸ. ಸಾಹೇಬರಿಗೇ ಗೊತ್ತಾಗಲಿಲ್ಲ, ಹೊಸ ಹಾಳೆಯೋ ಎಂದು ಕೇಳಿದರು. ತಿದ್ದಿದ ಜಾಗದ ಪಕ್ಕ ಸಹಿ ಮಾಡುವವರು ತಮ್ಮ ಚಿಕ್ಕ ಸಹಿ ಹಾಕಬೇಕೆಂಬುದು ನಮ್ಮಲ್ಲಿ ನಿಯಮ. ಹಾಕಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ತಿದ್ದಿದ್ದು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು, ಅಂಥ ಕೆಲಸಕ್ಕೆ ಅದು ಅವಮಾನ ಅನ್ನಿಸಿತು. ಇನ್ನು ಕಾರ್ಬನ್ ಪ್ರತಿಗಳು. ಮೂರನ್ನೂ ಒಂದೊಂದಾಗಿ ಮೆಷಿನ್ನಿಗೆ ಹಾಕಿ ತಿದ್ದಬೇಕು. ಫೈಲಿನ ಪ್ರತಿಗಳನ್ನು ನಾಳೆ ಮಾಡಿದರಾಯಿತು ಎಂದುಕೊಂಡು ಟ್ರೇಯಲ್ಲಿ ಇಟ್ಟೆ. ಸಹಿಗೆ ಕಳಿಸುವ ನಕಲನ್ನು ಮೇಲಿನ ಹಾಳೆಯ ಜೊತೆ ಮಡಿಸಿ ಲಕೋಟೆಗೆ ಹಾಕಿದವಳು ನಾನೇ. ಅದರಲ್ಲಿ ಜುಲೈ ಒಂದು ಎಂದೇ ಇತ್ತು. ಆ ಹೊತ್ತಿನಲ್ಲಿ ನನ್ನ ಗಮನವೆಲ್ಲ ಗಡಿಯಾರದ ಮೇಲಿತ್ತು.

ನಾಳೆ ಎಂಬುದು ಬರಲಿಲ್ಲ. ಮರುದಿನ ಬೇರೆ ಕೆಲಸ ಬಿತ್ತು, ಟ್ರೇಯಲ್ಲಿದ್ದದ್ದನ್ನು ಯಾರೋ ಫೈಲು ಮಾಡಿದರು. ನಾಲ್ಕೈದು ದಿನಕ್ಕೆ ಅವನ ಸಹಿಯಿದ್ದ ನಕಲು ಅಂಚೆಯಲ್ಲಿ ವಾಪಸು ಬಂತು. ಮೇಲಿನ ಹಾಳೆ ಓದಿ, ನಕಲಿಗೆ ಸಹಿ ಹಾಕಿ ಕಳಿಸಿದ್ದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಾರು ನೋಡುತ್ತಾರೆ? ಕಂಪನಿಯ ಡಾಕ್ಟರ ಹತ್ತಿರವೂ ಹೋಗಿ ಬಂದ, ಅಲ್ಲೂ ಸರಿ ಎಂದಾಯಿತು. ಜೂನ್ ಕೊನೆಗೆ ಸಾಹೇಬರ ತಾಯಿಗೆ ಕಾಯಿಲೆ ಜೋರಾಗಿ ಅವರು ರಜೆ ಹಾಕಿ ಊರಿಗೆ ಹೋದರು. ವಿಭಾಗ ಅವರ ಅಸಿಸ್ಟೆಂಟರ ಕೈಗೆ ಬಂತು. ಇವರು ಕಾಗದದಲ್ಲಿ ಇದ್ದದ್ದನ್ನು ಮಾತ್ರ ನಂಬುವವರು. ಅದು ಅವರ ತಪ್ಪು ಎಂದು ಹೇಳುವ ಹಕ್ಕು ನನಗಿಲ್ಲ.

ಜುಲೈ ಮೊದಲ ವಾರ ಮಳೆ ಹೊಡೆದು ನಮ್ಮ ಮನೆ ಹತ್ತಿರದ ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತಿತು. ಗಾಡಿಗಳಿಲ್ಲ. ನೆನೆದು ಜ್ವರ ಬಂದು ನಾನು ಒಂದು ವಾರಕ್ಕಿಂತ ಹೆಚ್ಚು ಆಫೀಸಿಗೆ ಹೋಗಲಿಲ್ಲ. ಪ್ರೊಬೇಷನ್‌ನಲ್ಲಿರುವವಳಿಗೆ ಆ ರಜೆ ಎಂಥ ರಜೆ ಎಂದು ಮಲಗಿದಲ್ಲೇ ದಿನ ಎಣಿಸುತ್ತಿದ್ದೆ. ಅದೇ ವಾರ ಅತ್ತ ಆಫೀಸಿನಲ್ಲಿ, ಒಂದನೆಯ ತಾರೀಖಿಗೆ ಬರಬೇಕಾದ ಕೆಮಿಸ್ಟು ಬರಲಿಲ್ಲ ಎಂದು ಅಸಿಸ್ಟೆಂಟರು ಬರೆದರು. ನಾಲ್ಕು ದಿನ ಕಾದರು. ಲ್ಯಾಬೊರೇಟರಿಯವರು ದಿನಾ ಫೋನು ಮಾಡುತ್ತಿದ್ದರಂತೆ. ಐದನೆಯ ದಿನ ಪಟ್ಟಿಯಲ್ಲಿದ್ದ ಎರಡನೆಯವನಿಗೆ ತಂತಿ ಕೊಟ್ಟರು. ಅವನು ಹತ್ತನೆಯ ತಾರೀಖಿಗೆ ಬಂದು ಸೇರಿದ. ಅವನ ಪತ್ರವನ್ನು ಇನ್ನೊಬ್ಬಳು ಟೈಪಿಸ್ಟು ಮಾಡಿದ್ದಳು. ನಾನು ವಾಪಸು ಬಂದಾಗ ಎಲ್ಲ ಮುಗಿದು ಫೈಲು ಕಟ್ಟಿಯಾಗಿತ್ತು, ನನಗೆ ಯಾರೂ ಹೇಳಲೂ ಇಲ್ಲ.

ಹದಿನಾರನೆಯ ತಾರೀಖು ಬೆಳಿಗ್ಗೆ ಎಂಟೂವರೆಗೆ ಅವನು ಬಂದ. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸರ್ಟಿಫಿಕೇಟುಗಳು. ನನ್ನನ್ನು ಕಂಡು ನಕ್ಕ. ನಾನೂ ನಕ್ಕು, ಒಳಗೆ ಹೋಗು ಎಂದು ಅಸಿಸ್ಟೆಂಟರ ಮೇಜು ತೋರಿಸಿದೆ. ಆ ಮೇಜು ನನ್ನ ಮೇಜಿನಿಂದ ಹತ್ತು ಅಡಿಯೂ ದೂರ ಇರಲಿಲ್ಲ.

ಅವರು ಫೈಲು ತೆಗೆಸಿ ನೋಡಿ, ನೀನು ಬರಬೇಕಾದದ್ದು ಒಂದಕ್ಕೆ, ಆ ಜಾಗ ತುಂಬಿಯಾಯಿತು ಎಂದರು. ಅವನು ತನ್ನ ಪತ್ರ ತೆಗೆದು ತೋರಿಸಿದ. ಅವರು ಅವನೇ ಸಹಿ ಹಾಕಿದ ನಕಲನ್ನು ಪಕ್ಕಕ್ಕಿಟ್ಟರು. ಆಗ ನನಗೆ ತಿಳಿಯಿತು. ಟ್ರೇ, ಲಕೋಟೆ, ಐದು ನಲವತ್ತರ ಗಾಡಿ ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅಸಿಸ್ಟೆಂಟರು ಅವನ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಾರೀಖಿನ ಜಾಗದಲ್ಲಿ ಹಾಳೆ ತೆಳುವಾಗಿ ಬೆಳಕು ಬಿಡುತ್ತಿತ್ತು. ಯಾರ ಕಣ್ಣಿಗೂ ಬೀಳದ ನನ್ನ ಕೆಲಸ ಹೀಗೆ ಹಿಡಿದರೆ ಎಷ್ಟು ಚೆನ್ನಾಗಿ ಕಾಣುತ್ತದೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಬ್ಲೇಡು ಹಾಕಿದ್ದೀಯ ಎಂದರು ಅವರು, ಮರಾಠಿಯಲ್ಲಿ, ದನಿ ಏರಿಸದೆ. ಬೇಕಾದ ದಿನ ಬರಲಿಕ್ಕೆ ತಾರೀಖು ತಿದ್ದಿಕೊಂಡಿದ್ದೀಯ. ಫೈಲಿನಲ್ಲಿ ತಾರೀಖು ಒಂದು, ನಿನ್ನ ಸಹಿ ಇರುವ ನಕಲಿನಲ್ಲೂ ಒಂದು, ನಿನ್ನ ಕೈಯಲ್ಲಿರುವುದರಲ್ಲಿ ಮಾತ್ರ ಹದಿನಾರು, ಅದೂ ಕೆರೆದದ್ದು. ಪಕ್ಕದಲ್ಲಿ ಯಾರ ಚಿಕ್ಕ ಸಹಿಯೂ ಇಲ್ಲ. ಆಮೇಲೆ ಫಾರಂನಲ್ಲಿದ್ದ ವಿಳಾಸವನ್ನು ಗಟ್ಟಿಯಾಗಿ ಓದಿದರು. ಧಾರಾವಿ ಎಂದ ಮೇಲೆ ಬೇರೇನೂ ಹೇಳಲಿಲ್ಲ, ಹೇಳುವ ಅಗತ್ಯ ಇರಲಿಲ್ಲ. ಅವನು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ಮಾತು ತಡವರಿಸಿತು. ಕೊನೆಗೆ ನನ್ನ ಕಡೆ ತಿರುಗಿದ.

"ಅಕ್ಕಾರ, ನೀವರ ಇವರಿಗೆ ಹೇಳ್ರಿ. ನನಗ ಕಾಗದ ಬಂದದ್ದ ಹಿಂಗ ಐತ್ರಿ. ನಾ ಇದಕ್ಕ ಕೈ ಹಚ್ಚಿಲ್ಲ."

ತಿದ್ದಿದವಳು ನಾನು ಎಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಭಾಷೆ ಬಲ್ಲವಳು ಎಂದಷ್ಟೇ ಕೇಳಿದ್ದ. ಅಸಿಸ್ಟೆಂಟರು ಪುಟದ ಅಡಿ ನೋಡಿದರು. ಅವತ್ತು ಒಬ್ಬರು ಆ ಅಕ್ಷರಗಳನ್ನು ಓದಿದರು. ಪತ್ರ ನೀನು ಮಾಡಿದ್ದಲ್ಲವೇ, ತಾರೀಖು ನೀನು ತಿದ್ದಿದ್ದು ಉಂಟೇ ಎಂದು ನನ್ನನ್ನು ಕೇಳಿದರು. ಅವರ ಮೇಜಿನ ಮೇಲೆ ಇನ್ನೊಂದು ಫೈಲಿತ್ತು. ಜುಲೈ ಕೊನೆಗೆ ಪ್ರೊಬೇಷನ್ ಮುಗಿಯುವವರ ಬಗ್ಗೆ ಅಭಿಪ್ರಾಯ ಬರೆಯುವ ಫೈಲು. ನನ್ನ ಹೆಸರು ಅದರಲ್ಲಿತ್ತು, ಒಂಬತ್ತು ದಿನದ ಗೈರುಹಾಜರಿಯ ಸಮೇತ. ಹೌದು ಎಂದರೆ ನಿಯಮ ಮುರಿದವಳು ನಾನು, ಪ್ರತಿಗಳನ್ನು ತಿದ್ದದೆ ಬಿಟ್ಟವಳು ನಾನು. ಅಪ್ಪನ ಮುಖ, ಕ್ವಾರ್ಟರ್ಸಿನ ಬಾಗಿಲು ಕಣ್ಣ ಮುಂದೆ ಬಂದವು. ಇದನ್ನು ಸಮಜಾಯಿಷಿ ಎಂದು ಹೇಳುತ್ತಿಲ್ಲ.

"ನೆನಪಿಲ್ಲ, ಸರ್," ಎಂದೆ.

ಇಲ್ಲ ಎಂದಿದ್ದರೆ ಅದು ಕನಿಷ್ಠ ಧೈರ್ಯದ ಸುಳ್ಳಾಗುತ್ತಿತ್ತು. ಅಷ್ಟೂ ಧೈರ್ಯ ನನಗಿರಲಿಲ್ಲ. ತಿದ್ದಿದ್ದರೆ ಸಾಹೇಬರ ಚಿಕ್ಕ ಸಹಿ ಇರುತ್ತಿತ್ತಲ್ಲ ಎಂದು ನನ್ನ ಪರವಾಗಿ ಅಸಿಸ್ಟೆಂಟರೇ ಹೇಳಿದರು. ಪತ್ರವನ್ನು ತಮ್ಮ ಹತ್ತಿರ ಇಟ್ಟುಕೊಂಡರು. ಸಾಹೇಬರಿಗೆ ಕೇಳಿರಿ ಎಂದು ಅವನು ಅಂದಾಗ, ಅವರು ರಜೆಯಲ್ಲಿದ್ದಾರೆ, ಹೆಚ್ಚು ಮಾತಾಡಿದರೆ ಪೊಲೀಸರಿಗೆ ಕೊಡಬೇಕಾಗುತ್ತದೆ, ವಯಸ್ಸು ನೋಡಿ ಬಿಡುತ್ತಿದ್ದೇನೆ, ಮತ್ತೆ ಈ ಗೇಟಿನ ಹತ್ತಿರ ಬರಬೇಡ ಎಂದರು. ಅವನು ಸರ್ಟಿಫಿಕೇಟುಗಳನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ. ಅದಕ್ಕೆ ಬಹಳ ಹೊತ್ತು ಹಿಡಿಯಿತು. ನಾನು ಮೆಷಿನ್ನಿಗೆ ಹಾಳೆ ಹಾಕಿಕೊಂಡು ಏನನ್ನೋ ಟೈಪ್ ಮಾಡುತ್ತಿದ್ದೆ.

ಜುಲೈ ಕೊನೆಯ ದಿನ ನನ್ನ ಖಾಯಂ ಪತ್ರದ ಕರಡು ನನ್ನ ಮೇಜಿಗೇ ಬಂತು. ವಿಭಾಗದಲ್ಲಿ ಅಂಥ ಪತ್ರ ಟೈಪ್ ಮಾಡುವವಳು ನಾನೇ ತಾನೆ. ನಾಲ್ಕು ಪ್ರತಿ, ಒಂದೂ ತಪ್ಪು ಬೀಳಲಿಲ್ಲ. ನಿಮ್ಮ ಕೆಲಸ ಮತ್ತು ನಡತೆ ತೃಪ್ತಿಕರವಾಗಿರುವುದರಿಂದ ಎಂಬ ಮಾತಿನ ಹತ್ತಿರ ಬೆರಳು ನಿಂತಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಿಲ್ಲಲಿಲ್ಲ. ಮನೆಯಲ್ಲಿ ಅಮ್ಮ ಶಿರಾ ಮಾಡಿದಳು. ಅಪ್ಪ ಪತ್ರವನ್ನು ದೇವರ ಮುಂದೆ ಇಟ್ಟು ತೆಗೆದು, ಎರಡು ಸಲ ಓದಿದರು.

ಆ ತಿಂಗಳೆಲ್ಲ ನಾನು ಎಲ್ಲರ ಜೊತೆ ಜಗಳವಾಡಿದೆ. ಗಾಡಿಯಲ್ಲಿ ಸೀಟಿಗೆ, ಮನೆಯಲ್ಲಿ ಉಪ್ಪಿಗೆ, ತಮ್ಮನ ಜೊತೆ ಪೆನ್ಸಿಲಿಗೆ. ಯಾರಾದರೂ ತಿದ್ದಿಕೊಡು ಎಂದು ಕಾಗದ ತಂದರೆ ಹೊಸದಾಗಿ ಟೈಪ್ ಮಾಡಿಕೋ ಎಂದು ಅಟ್ಟುತ್ತಿದ್ದೆ. ಸಾಹೇಬರು ಆಗಸ್ಟ್ ಮಧ್ಯದಲ್ಲಿ ತಲೆ ಬೋಳಿಸಿಕೊಂಡು ವಾಪಸು ಬಂದರು, ತಾಯಿ ತೀರಿಕೊಂಡಿದ್ದರು. ದುಃಖದಲ್ಲಿರುವವರಿಗೆ ಈಗ ಹೇಳುವುದು ಸರಿಯಲ್ಲ ಎಂದು ಇನ್ನಷ್ಟು ದಿನ ದೂಡಿದೆ. ನೆಪಕ್ಕೆ ಬರವಿರಲಿಲ್ಲ.

ಸೆಪ್ಟೆಂಬರಿನಲ್ಲಿ ಲ್ಯಾಬೊರೇಟರಿಯ ಒಬ್ಬ ಹಳಬರು ಬೇರೆ ಕಂಪನಿಗೆ ಹೋಗುವುದಾಗಿ ನೋಟೀಸು ಕೊಟ್ಟರು. ಸಾಹೇಬರು ಹಳೆಯ ಪಟ್ಟಿ ತರಿಸಿ ನೋಡುತ್ತ, ಆ ಕನ್ನಡದ ಹುಡುಗ ಯಾಕೆ ಬರಲಿಲ್ಲ, ಅವನಿಗೋಸ್ಕರ ತಾರೀಖು ಬದಲಿಸಿದ್ದೆನಲ್ಲ ಎಂದು ನನ್ನನ್ನೇ ಕೇಳಿದರು. ಫೈಲಿನಲ್ಲಿ ಅಸಿಸ್ಟೆಂಟರು, ಹುಡುಗ ಸೇರಲಿಲ್ಲ ಎಂದಷ್ಟೇ ಬರೆದಿದ್ದರು. ನಾನು ಎದ್ದು ಬಾಗಿಲು ಹಾಕಿ ಬಂದು ಎಲ್ಲ ಹೇಳಿದೆ. ನೆನಪಿಲ್ಲ ಎಂದದ್ದನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ಪಟ್ಟಿಯನ್ನು ಮಡಿಸಿ ಬದಿಗಿಟ್ಟರು. ಆಮೇಲೆ, "ನೀನು ಈಗ ಖಾಯಂ ಆಗಿದ್ದೀಯ, ಅಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು. ಆಗಿದ್ದೇನೆ ಎಂದೆ. ಬೈದಿದ್ದರೆ ಒಳ್ಳೆಯದಿತ್ತು.

ಫೈಲು ತೆಗೆದು ತಮ್ಮ ಕೈಯಿಂದ ಬರೆದರು: ತಾರೀಖು ನನ್ನ ಮಾತಿನ ಮೇಲೆ ನಮ್ಮ ಆಫೀಸಿನಲ್ಲೇ ಬದಲಾಯಿಸಿದ್ದು, ಅಭ್ಯರ್ಥಿಯ ತಪ್ಪಿಲ್ಲ. ಅಸಿಸ್ಟೆಂಟರನ್ನು ಕರೆದು ಓದಿಸಿದರು. ಅವರು ಓದಿ ನನ್ನ ಕಡೆ ಒಂದು ಸಲ ನೋಡಿ ಹೊರಗೆ ಹೋದರು. ಹೊಸ ಪತ್ರ ಮಾಡಬೇಕಾಯಿತು: ಅದೇ ಹುದ್ದೆ, ಅದೇ ಸಂಬಳ, ಅಕ್ಟೋಬರ್ ಒಂದಕ್ಕೆ ಸೇರುವುದು. ಪ್ರೊಬೇಷನ್ ಅವತ್ತಿನಿಂದ ಎಣಿಕೆ. ಜುಲೈನಲ್ಲಿ ಸೇರಿದ ಎರಡನೆಯವನು ಇವನಿಗಿಂತ ಸೀನಿಯರ್ ಆಗುತ್ತಾನೆ, ಅದನ್ನು ಮಾತ್ರ ನಾನು ಸರಿಮಾಡಲಾರೆ ಎಂದರು ಸಾಹೇಬರು. ಪತ್ರಕ್ಕೆ ಸಹಿ ಹಾಕಿ, ಇದನ್ನು ಅಂಚೆಗೆ ಹಾಕಬೇಡ, ಕೈಯಾರೆ ಕೊಟ್ಟು ಬಾ, ಯಾಕೆ ಎಂದು ನೀನೇ ಹೇಳು ಎಂದರು.

ಭಾನುವಾರ ಹೋದೆ. ಆಂಟಾಪ್ ಹಿಲ್‌ನಿಂದ ಧಾರಾವಿ ಎಷ್ಟು ಹತ್ತಿರವೆಂದರೆ, ಅಷ್ಟು ವರ್ಷದಲ್ಲಿ ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮನೆಯಲ್ಲಿ ಗೆಳತಿಯ ಹತ್ತಿರ ಹೋಗುತ್ತೇನೆ ಎಂದಿದ್ದೆ. ಉಪ್ಪು ಹಾಕಿದ ತೊಗಲಿನ ವಾಸನೆಯ ನಡುವೆ ಕನ್ನಡದಲ್ಲೇ ದಾರಿ ಕೇಳುತ್ತ ಹೋದೆ. ಕೇಳಿದವರೆಲ್ಲ ಬಿ.ಎಸ್ಸಿ. ಹುಡುಗನ ಮನೆಯೇನ್ರಿ ಎಂದು ಮುಂದೆ ಕಳಿಸಿದರು. ಒಂದು ಕೋಣೆ, ಮೇಲೆ ಅಟ್ಟ. ಅವನು ಹೊಸ್ತಿಲ ಮೇಲೆ ಕೂತು ಪೇಪರ್ ಓದುತ್ತಿದ್ದ. ಸಾಯನ್‌ನಲ್ಲಿ ಒಂದು ಔಷಧದಂಗಡಿಯಲ್ಲಿ ಕೌಂಟರಿನ ಕೆಲಸ ಹಿಡಿದಿದ್ದ ಎಂದು ಆಮೇಲೆ ತಿಳಿಯಿತು. ನನ್ನನ್ನು ನೋಡಿ ಎದ್ದು ನಿಂತ. ಒಳಗಿದ್ದ ಅವನ ತಾಯಿ ಯಾರು ಎಂದು ಕೇಳಿದರು, ಅವನು ಪೇಪರನ್ನು ಮಡಿಸಿ ಕೆಳಗಿಟ್ಟ.

ನಿಂತಲ್ಲೇ ಹೇಳಿದೆ. ಬ್ಲೇಡು ಹಾಕಿದವಳು ನಾನು, ಅವತ್ತು ನೆನಪಿತ್ತು, ಹೆದರಿ ಸುಳ್ಳು ಹೇಳಿದೆ. ಹೇಳುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಉದುರಿಹೋಗಿ ಇಷ್ಟೇ ಉಳಿಯಿತು. ಲಕೋಟೆ ಕೊಟ್ಟೆ. ಅವನು ಪತ್ರವನ್ನೂ ನಕಲನ್ನೂ ಹೊಸ್ತಿಲ ಮೇಲೆ ಪಕ್ಕಪಕ್ಕ ಇಟ್ಟು, ಎರಡರ ಮೇಲೂ ಬೆರಳಿಟ್ಟು ಒಂದೊಂದೇ ಸಾಲು ಓದಿದ. ಸಂಬಳದ ಹತ್ತಿರ, ತಾರೀಖಿನ ಹತ್ತಿರ, ಷರತ್ತಿನ ಹತ್ತಿರ ಬೆರಳು ನಿಂತು ಮುಂದೆ ಹೋಯಿತು. ಸೀನಿಯಾರಿಟಿ ಹೋಗುವ ಮಾತನ್ನೂ ಹೇಳಿದೆ, ಮುಚ್ಚಿಡಲಿಲ್ಲ.

"ಕೆಲಸಕ್ಕ ಬರ್ತೀನ್ರಿ," ಎಂದ. "ಆದ್ರ ಈಗ ನನಗ ಹೇಳಿದ್ದನ್ನ ಅಪ್ಪಗ ಹೇಳ್ರಿ. ನಾ ಹೇಳಿದ್ರ ಅವ ನಂಬೂದಿಲ್ಲ."

ಆ ಹದಿನಾರನೆಯ ತಾರೀಖು ಮನೆಗೆ ಹೋಗಿ ನಡೆದದ್ದನ್ನೆಲ್ಲ ಅವನು ತಂದೆಯ ಮುಂದೆ ಹೇಳಿದ್ದನಂತೆ. ಅಷ್ಟು ದೊಡ್ಡ ಕಾರ್ಖಾನೆಯವರು, ಅಷ್ಟು ಓದಿದವರು ಸುಳ್ಳು ಯಾಕೆ ಹೇಳುತ್ತಾರೆ ಎಂದು ತಂದೆ ಕೇಳಿದ್ದರು. ಎರಡು ತಿಂಗಳಿಂದ ಒಂದೇ ಕೋಣೆಯಲ್ಲಿ ಉಂಡು ಮಲಗುತ್ತಿದ್ದರೂ ಇಬ್ಬರ ನಡುವೆ ಮಾತಿರಲಿಲ್ಲ.

ತಂದೆ ನಲ್ಲಿಯಿಂದ ಎರಡು ಕೊಡ ನೀರು ಹೊತ್ತು ಬಂದರು. ಗಿಡ್ಡ ಮನುಷ್ಯ, ಸುಣ್ಣದ ನೀರಿನಲ್ಲಿ ತೊಗಲು ನೆನೆಸಿ ನೆನೆಸಿ ಬೆರಳ ಚರ್ಮ ಬಿರಿದಿತ್ತು. ಆಫೀಸಿನವಳು ಎಂದು ತಿಳಿದ ಕೂಡಲೇ ಕೊಡ ಇಳಿಸಿ, ಕೈ ಒರೆಸಿಕೊಂಡು, ನನಗಾಗಿ ಸ್ಟೂಲು ಹುಡುಕಿದರು. ನಾನು ಕೂಡಲಿಲ್ಲ. ಇನ್ನೊಂದು ಸಲ, ಅವರಿಗೆ ತಿಳಿಯುವ ಮಾತಿನಲ್ಲಿ, ಎಲ್ಲ ಹೇಳಿದೆ. ನಿಮ್ಮ ಮಗ ಆ ಕಾಗದ ಮುಟ್ಟಿಲ್ಲ, ಕೆರೆದವಳು ನಾನು ಎಂದೆ.

ಅವರು ಮಗನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ ಕೇಳಿದರು.

"ಆ ಸಾಹೇಬ ಇವಗ ಕಳ್ಳ ಅಂದಾಗ ನೀವು ಅಲ್ಲೇ ಇದ್ರೇನ್ರಿ?"

"ಇದ್ದೆ," ಎಂದೆ.

ಅವರು ತಲೆಯಾಡಿಸಿದರು. ಒಳಗಿನಿಂದ ಮಗನ ತಾಯಿ ಚಹಾ ತಂದು ನನ್ನ ಕೈಗೆ ಕೊಟ್ಟರು. ಮಗ ಪೆನ್ನು ತೆಗೆದು ನಕಲಿನ ಕೆಳಗೆ ಸಹಿ ಮಾಡಿದ, ತಾರೀಖು ಹಾಕಿದ. ಅದನ್ನು ಮಡಿಸಿ ನನಗೆ ಕೊಡುವವರೆಗೆ ತಂದೆ ಗೋಡೆಗೆ ಒರಗಿ ನಿಂತೇ ಇದ್ದರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ಬಹಳ ಸಣ್ಣ ದನಿಯಲ್ಲಿ ಹೇಳಿದರು.

"ಹುಟ್ಟಿದಾಗಿಂದ ಇವನ ಮೈಮ್ಯಾಲ ಕೈ ಎತ್ತಿರಲಿಲ್ರಿ. ಅವತ್ತ ಬೆಲ್ಟಿಲೆ ಹೊಡದೆ. ಹೊಡಿಯೂ ಮುಂದ ಒಂದ ಮಾತ ಹೇಳಿದ್ದ, ಆಫೀಸಿನ್ಯಾಗ ಒಬ್ರ ಅಕ್ಕಾರ ಅದಾರ, ಅವರನ್ನ ಕೇಳ ಅಂತ."